ಸವಕಳಿಯನ್ನು ಒಮ್ಮೆ ಮಾತ್ರ ಎಣಿಸಿ: ತೆರಿಗೆಯ ನಂತರದ ನಗದು ಹರಿವು ಕಟ್ಟುವ ಬಗೆ

ಹೊಸ ಯೋಜನೆಯೊಂದರ ಲೆಕ್ಕದ ಹಾಳೆಯನ್ನು ಪರಿಶೀಲನೆಗೆ ಕೊಟ್ಟರೆ ನಾನು ಮೊದಲು ಹುಡುಕುವುದು ಸವಕಳಿಯ ಸಾಲನ್ನು. ಆದಾಯದ ಅಂದಾಜು ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದು ವಾದಕ್ಕೆ ಬಿಟ್ಟ ವಿಷಯ. ಸವಕಳಿಯ ವಿಷಯದಲ್ಲಿ ವಾದಕ್ಕೆ ಹೆಚ್ಚು ಜಾಗವಿಲ್ಲ. ಅದು ಸರಿಯಾಗಿರುತ್ತದೆ, ಇಲ್ಲವೇ ತಪ್ಪಾಗಿರುತ್ತದೆ. ತಪ್ಪಾದಾಗ ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗಿರುತ್ತದೆ: ಲಾಭದಿಂದ ಕಳೆದವರು ಮತ್ತೆ ಕೂಡಿಸಲು ಮರೆತಿರುತ್ತಾರೆ, ಅಥವಾ "ಇದು ನಗದು ಖರ್ಚಲ್ಲವಲ್ಲ" ಎಂದು ಪೂರ್ತಿ ಕೈಬಿಟ್ಟಿರುತ್ತಾರೆ, ಅಥವಾ ಉತ್ಸಾಹದಲ್ಲಿ ಎರಡೆರಡು ಬಾರಿ ಕೂಡಿಸಿರುತ್ತಾರೆ. ಮೂರರಲ್ಲಿ ಯಾವುದಾದರೂ ಒಂದೇ ಸಾಕು, ಒಳ್ಳೆಯ ಯೋಜನೆ ಕೆಟ್ಟದಾಗಿ ಕಾಣುತ್ತದೆ ಅಥವಾ ಸಾಧಾರಣ ಯೋಜನೆ ಚಿನ್ನದ ಗಣಿಯಾಗಿ ಕಾಣುತ್ತದೆ.

ಒಂದೇ ಯಂತ್ರದ ಉದಾಹರಣೆಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಮೊತ್ತಗಳನ್ನು ಯಾವ ದೇಶದ ಹಣದಲ್ಲಿ ಬೇಕಾದರೂ ಓದಿಕೊಳ್ಳಬಹುದು, ಲೆಕ್ಕ ಬದಲಾಗುವುದಿಲ್ಲ.

## ಹಣ ಹೋಗದಿದ್ದರೂ ಹಣ ಉಳಿಯುವುದು ಹೇಗೆ

ಯಂತ್ರ ಕೊಂಡ ದಿನವೇ ಅದರ ಹಣ ಕೈಬಿಟ್ಟು ಹೋಗಿರುತ್ತದೆ. ಯೋಜನೆಯ ಹಾಳೆಯಲ್ಲಿ ಅದು 0ನೇ ವರ್ಷದ ಅಂಕಣದಲ್ಲಿ ಕುಳಿತಿರುತ್ತದೆ. ಮುಂದಿನ ವರ್ಷಗಳಲ್ಲಿ ಬರೆಯುವ ಸವಕಳಿ ಎಂದರೆ ಅದೇ ಹಣವನ್ನು ಯಂತ್ರದ ಬಾಳಿಕೆಯ ವರ್ಷಗಳಿಗೆ ಹಂಚಿ ತೋರಿಸುವ ಬರಹ ಮಾತ್ರ. ಆ ವರ್ಷ ಯಾರಿಗೂ ಚೆಕ್ ಬರೆದಿರುವುದಿಲ್ಲ. ಹಾಗಾಗಿ ಸವಕಳಿಯನ್ನು ನಗದು ಹರಿವಿನಿಂದ ಕಳೆದು ಸುಮ್ಮನೆ ಬಿಟ್ಟರೆ ಯಂತ್ರದ ಬೆಲೆಯನ್ನು ಎರಡು ಸಲ ತೆತ್ತಂತಾಗುತ್ತದೆ, 0ನೇ ವರ್ಷದಲ್ಲಿ ಇಡಿಯಾಗಿ ಮತ್ತು ಆಮೇಲೆ ಬಿಡಿಬಿಡಿಯಾಗಿ.

ಆದರೆ ತೆರಿಗೆ ಲೆಕ್ಕ ಹಾಕುವಾಗ ಕಾನೂನು ಈ ಬರಹವನ್ನು ಖರ್ಚೆಂದೇ ಒಪ್ಪುತ್ತದೆ. ಸವಕಳಿಯಷ್ಟು ಮೊತ್ತ ತೆರಿಗೆಗೆ ಒಳಪಡುವ ಆದಾಯದಿಂದ ಇಳಿಯುತ್ತದೆ. ತೆರಿಗೆ ದರ ಶೇಕಡಾ 30 ಆಗಿದ್ದರೆ 100ರ ಸವಕಳಿ 30ರಷ್ಟು ತೆರಿಗೆಯನ್ನು ಉಳಿಸುತ್ತದೆ. ಆ 30 ಮಾತ್ರ ನಿಜವಾದ ನಗದು, ಹೊರಗೆ ಹೋಗಬೇಕಾಗಿದ್ದು ಹೋಗದೆ ಉಳಿದ ಹಣ. ಹಣಕಾಸಿನವರು ಟ್ಯಾಕ್ಸ್ ಶೀಲ್ಡ್ ಎನ್ನುವುದು ಇದನ್ನೇ. ನಾನು ಇಲ್ಲಿ ತೆರಿಗೆ ಉಳಿತಾಯ ಎಂದೇ ಬರೆಯುತ್ತೇನೆ.

ಈ ಇಡೀ ಲೇಖನ ನಿಂತಿರುವುದು ಒಂದು ಮಾತಿನ ಮೇಲೆ. ಸವಕಳಿ ಹಾಳೆಯೊಳಗೆ ಬರುವುದು ತೆರಿಗೆಯನ್ನು ಕಂಡುಹಿಡಿಯುವುದಕ್ಕಷ್ಟೇ. ತೆರಿಗೆ ಗೊತ್ತಾದ ಕೂಡಲೇ ಅದು ಹೊರಗೆ ಹೋಗಬೇಕು.

## ಮೊದಲ ಹೆಜ್ಜೆ: ಸವಕಳಿ ಯಾವ ಮೊತ್ತದ ಮೇಲೆ

ನಾಲ್ಕು ವರ್ಷ ಓಡಿಸಿ ಮಾರಲಿರುವ ನಮ್ಮ ಯಂತ್ರದ ಖರೀದಿ ಬೆಲೆ 9,20,000. ಸಾಗಿಸಿ ತಂದು, ಅಡಿಪಾಯ ಹಾಕಿ ಕೂರಿಸಿ, ಓಡುವ ಸ್ಥಿತಿಗೆ ತರಲು 80,000 ತಗಲುತ್ತದೆ. ಯಂತ್ರವನ್ನು ಕೆಲಸಕ್ಕೆ ಸಿದ್ಧಗೊಳಿಸುವ ಇಂಥ ಖರ್ಚು ಸಾಮಾನ್ಯವಾಗಿ ಯಂತ್ರದ ವೆಚ್ಚದೊಳಗೇ ಸೇರುತ್ತದೆ. ಆದ್ದರಿಂದ ಸವಕಳಿಯ ಮೂಲ ಮೊತ್ತ 10,00,000. ಬೆಲೆಪಟ್ಟಿಯ ಅಂಕಿಯನ್ನಷ್ಟೇ ತೆಗೆದುಕೊಂಡು ಕೂರಿಸುವ ಖರ್ಚನ್ನು ಮರೆಯುವವರು ಬಹಳ. ಮರೆತರೆ ನಾಲ್ಕು ವರ್ಷದ ತೆರಿಗೆ ಉಳಿತಾಯದಲ್ಲಿ ಒಂದು ಪಾಲು ಕಾಣೆಯಾಗುತ್ತದೆ.

ಇದಕ್ಕೆ ಸೇರದ ವಸ್ತುಗಳೂ ಇವೆ. ಜಮೀನು ಸವೆಯುವುದಿಲ್ಲ, ಹಾಗಾಗಿ ಅದರ ಬೆಲೆಗೆ ಸಾಮಾನ್ಯವಾಗಿ ಸವಕಳಿ ಇಲ್ಲ. ಕಚ್ಚಾ ವಸ್ತುವಿನ ದಾಸ್ತಾನಿಗೂ ಗ್ರಾಹಕರಿಂದ ಬರಬೇಕಾದ ಬಾಕಿಗೂ ತೊಡಗಿಸಿದ ದುಡಿಯುವ ಬಂಡವಾಳ ಕೊನೆಯಲ್ಲಿ ಹಿಂದಿರುಗುತ್ತದೆ, ಅದಕ್ಕೂ ಸವಕಳಿ ಇಲ್ಲ. ಯೋಜನೆ ಬೇಕೋ ಬೇಡವೋ ಎಂದು ತಿಳಿಯಲು ಹಿಂದೆಯೇ ಮಾಡಿಸಿದ ಸಮೀಕ್ಷೆಯ ಖರ್ಚಂತೂ ಹಾಳೆಯಲ್ಲಿ ಎಲ್ಲಿಯೂ ಬರಕೂಡದು. ಯೋಜನೆ ಕೈಗೊಂಡರೂ ಬಿಟ್ಟರೂ ಅದು ಹೋದ ಹಣ.

## ಎರಡನೆಯ ಹೆಜ್ಜೆ: ಯಾವ ಪುಸ್ತಕದ ಸವಕಳಿ

ಒಂದೇ ಯಂತ್ರಕ್ಕೆ ಎರಡು ಸವಕಳಿ ಇರಬಹುದು ಎಂಬುದು ಹೊಸಬರನ್ನು ಗೊಂದಲಕ್ಕೆ ತಳ್ಳುವ ಸಂಗತಿ. ಷೇರುದಾರರಿಗೆ ತೋರಿಸುವ ಲೆಕ್ಕಪುಸ್ತಕದಲ್ಲಿ ಒಂದು, ತೆರಿಗೆ ಇಲಾಖೆಗೆ ಸಲ್ಲಿಸುವ ವಿವರದಲ್ಲಿ ಇನ್ನೊಂದು. ನಗದು ಹರಿವಿಗೆ ಬೇಕಾದದ್ದು ಎರಡನೆಯದು. ತೆರಿಗೆಯನ್ನು ಇಳಿಸುವುದು ಆ ಸವಕಳಿ ಮಾತ್ರ. ಲೆಕ್ಕಪುಸ್ತಕದಲ್ಲಿ ಏನೇ ಬರೆದುಕೊಂಡರೂ ಬ್ಯಾಂಕಿನ ಶಿಲ್ಕು ಅದರಿಂದ ಬದಲಾಗುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ತೆರಿಗೆ ನಿಯಮ ಇಳಿಕೆಯ ಶಿಲ್ಕಿನ ಪದ್ಧತಿಯಲ್ಲಿ ವರ್ಷಕ್ಕೆ ಶೇಕಡಾ 40 ಸವಕಳಿ ಕೊಡುತ್ತದೆ ಎಂದು ಇಟ್ಟುಕೊಳ್ಳೋಣ. ಎಂದರೆ ಪ್ರತಿ ವರ್ಷ ಉಳಿದಿರುವ ಶಿಲ್ಕಿನ ಮೇಲೆ ಶೇಕಡಾ 40. ಮೊದಲ ವರ್ಷ 10,00,000ದ ಮೇಲೆ 4,00,000. ಉಳಿದದ್ದು 6,00,000, ಅದರ ಮೇಲೆ ಎರಡನೆಯ ವರ್ಷ 2,40,000. ಹೀಗೇ ಮೂರನೆಯ ವರ್ಷ 1,44,000, ನಾಲ್ಕನೆಯ ವರ್ಷ 86,400. ನಾಲ್ಕು ವರ್ಷ ಮುಗಿದಾಗ ತೆರಿಗೆಯ ಲೆಕ್ಕದಲ್ಲಿ ಯಂತ್ರದ ಶಿಲ್ಕು 1,29,600. ಈ ಕೊನೆಯ ಅಂಕಿಯನ್ನು ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಯಂತ್ರ ಮಾರುವಾಗ ಇದೇ ಬೇಕಾಗುತ್ತದೆ.

ನಿಮ್ಮಲ್ಲಿ ಯಾವ ದರ, ಯಾವ ಪದ್ಧತಿ, ಮೊದಲ ವರ್ಷ ಪೂರ್ತಿ ಸವಕಳಿಯೋ ಅರ್ಧವೋ ಎಂಬುದನ್ನು ನಿಮ್ಮ ತೆರಿಗೆ ಕಾನೂನೇ ಹೇಳಬೇಕು. ಪಠ್ಯದ ಉದಾಹರಣೆಯಿಂದ ದರವನ್ನು ಎತ್ತಿಕೊಳ್ಳಬೇಡಿ, ಈ ಲೇಖನದ ಉದಾಹರಣೆಯಿಂದಲೂ ಬೇಡ.

## ಮೂರನೆಯ ಹೆಜ್ಜೆ: ಎರಡು ದಾರಿ, ಒಂದೇ ಊರು

ಯಂತ್ರದಿಂದ ವರ್ಷಕ್ಕೆ 9,00,000 ಮಾರಾಟ ಬರುತ್ತದೆ. ಕಚ್ಚಾ ವಸ್ತು, ಕೂಲಿ, ವಿದ್ಯುತ್ತು ಸೇರಿ ನಗದು ಖರ್ಚು 5,40,000. ತೆರಿಗೆಗೆ ಮೊದಲು ಕೈಯಲ್ಲಿ ಉಳಿಯುವ ನಗದು 3,60,000, ನಾಲ್ಕೂ ವರ್ಷ ಅಷ್ಟೇ. ತೆರಿಗೆ ದರ ಶೇಕಡಾ 30.

ಮೊದಲ ದಾರಿ ಲಾಭದ ಮೂಲಕ ಹೋಗುತ್ತದೆ. ಎರಡನೆಯ ವರ್ಷವನ್ನೇ ತೆಗೆದುಕೊಳ್ಳಿ. 3,60,000ದಿಂದ ಸವಕಳಿ 2,40,000 ಕಳೆದರೆ ತೆರಿಗೆಗೆ ಒಳಪಡುವ ಆದಾಯ 1,20,000. ಅದರ ಮೇಲೆ ತೆರಿಗೆ 36,000. ತೆರಿಗೆ ಕಳೆದ ಲಾಭ 84,000. ಇಲ್ಲಿಗೆ ನಿಲ್ಲಬಾರದು. ಕಳೆದ ಸವಕಳಿ ಕೈಬಿಟ್ಟು ಹೋದ ಹಣವಲ್ಲ, ಆದ್ದರಿಂದ 2,40,000ವನ್ನು ಪೂರ್ತಿಯಾಗಿ ಮತ್ತೆ ಕೂಡಿಸಬೇಕು. ಬರುವುದು 3,24,000.

ಎರಡನೆಯ ದಾರಿಯಲ್ಲಿ ಸವಕಳಿಯೇ ಇಲ್ಲವೆಂಬಂತೆ ಆರಂಭಿಸುತ್ತೇವೆ. 3,60,000ದ ಮೇಲೆ ಶೇಕಡಾ 30 ತೆರಿಗೆ ಕಟ್ಟಿದರೆ ಉಳಿಯುವುದು 2,52,000. ಆಮೇಲೆ ಸವಕಳಿಯಿಂದ ಆದ ತೆರಿಗೆ ಉಳಿತಾಯವನ್ನು ಕೂಡಿಸುತ್ತೇವೆ. 2,40,000ದ ಶೇಕಡಾ 30 ಎಂದರೆ 72,000. ಒಟ್ಟು 3,24,000. ಅದೇ ಉತ್ತರ.

ಎರಡೂ ದಾರಿ ಸರಿ. ಆದರೆ ಒಂದು ದಾರಿಯ ಮೊದಲ ಅರ್ಧವನ್ನು ಇನ್ನೊಂದರ ಕೊನೆಯ ಅರ್ಧಕ್ಕೆ ಅಂಟಿಸಿದರೆ ಅನಾಹುತ. ಎರಡನೆಯ ದಾರಿಯ 2,52,000ಕ್ಕೆ ಮೊದಲ ದಾರಿಯ ಅಭ್ಯಾಸಬಲದಿಂದ ಪೂರ್ತಿ ಸವಕಳಿ 2,40,000ವನ್ನು ಕೂಡಿಸಿದವರಿಗೆ 4,92,000 ಸಿಗುತ್ತದೆ. ತೆರಿಗೆಗೆ ಮೊದಲೇ ಕೈಯಲ್ಲಿದ್ದದ್ದು 3,60,000. ತೆರಿಗೆ ಕಟ್ಟಿದ ಮೇಲೆ ಹಣ ಹೆಚ್ಚಾಗುವುದು ಹೇಗೆ? ಇದೇ ಈ ತಪ್ಪನ್ನು ಹಿಡಿಯುವ ಸುಲಭದ ಉಪಾಯ. ತೆರಿಗೆಯ ನಂತರದ ನಗದು ತೆರಿಗೆಗೆ ಮೊದಲಿನ ನಗದನ್ನು ಮೀರಿದೆಯೇ ಎಂದು ಪ್ರತಿ ವರ್ಷವೂ ನೋಡಿ. ಮೀರಿದ್ದರೆ ಆ ವರ್ಷ ತೆರಿಗೆ ಋಣಾತ್ಮಕವಾಗಿರಬೇಕು, ಮತ್ತು ಅದಕ್ಕೆ ಹೇಳಬಲ್ಲ ಕಾರಣ ನಿಮ್ಮ ಬಳಿ ಇರಬೇಕು.

ನಮ್ಮ ಮೊದಲ ವರ್ಷವೇ ಅಂಥದ್ದು. ಸವಕಳಿ 4,00,000, ನಗದು 3,60,000. ತೆರಿಗೆಯ ಲೆಕ್ಕದಲ್ಲಿ 40,000 ನಷ್ಟ. ಸಂಸ್ಥೆಗೆ ಬೇರೆ ವ್ಯವಹಾರದಿಂದ ಲಾಭವಿದ್ದು, ಈ ನಷ್ಟವನ್ನು ಅದರಿಂದ ಕಳೆಯಲು ಕಾನೂನು ಬಿಡುತ್ತದೆ ಎಂದಾದರೆ ಅಲ್ಲಿ 12,000 ತೆರಿಗೆ ಕಡಿಮೆಯಾಗುತ್ತದೆ. ಆ ಉಳಿತಾಯ ಈ ಯಂತ್ರದಿಂದಲೇ ಬಂದದ್ದು, ಆದ್ದರಿಂದ ಇದರ ಖಾತೆಗೇ ಸೇರಬೇಕು. ಸದ್ಯಕ್ಕೆ ಹಾಗೆ ಲಾಭವಿದೆ ಎಂದುಕೊಂಡು ಮುಂದುವರಿಯೋಣ.

| ವರ್ಷ | ಸವಕಳಿ | ತೆರಿಗೆ | ತೆರಿಗೆಯ ನಂತರದ ನಗದು |
|---|---|---|---|
| 1 | 4,00,000 | −12,000 | 3,72,000 |
| 2 | 2,40,000 | 36,000 | 3,24,000 |
| 3 | 1,44,000 | 64,800 | 2,95,200 |
| 4 | 86,400 | 82,080 | 2,77,920 |

ಯಾವ ದಾರಿ ಮೇಲು ಎಂದು ಕೇಳಿದರೆ, ಹಾಳೆ ಕಟ್ಟುವಾಗ ನಾನು ಮೊದಲ ದಾರಿಯನ್ನು ಸ್ವಲ್ಪ ಮೊಟಕುಗೊಳಿಸಿ ಬಳಸುತ್ತೇನೆ. ಲಾಭದ ಸಾಲನ್ನೇ ಬರೆಯುವುದಿಲ್ಲ. ಪಕ್ಕದಲ್ಲಿ ತೆರಿಗೆಯನ್ನು ಕಂಡುಕೊಂಡು, ನಗದಿನಿಂದ ಅದನ್ನು ನೇರವಾಗಿ ಕಳೆಯುತ್ತೇನೆ: 3,60,000ದಿಂದ 36,000 ಕಳೆದರೆ 3,24,000. ಕಳೆದು ಕೂಡಿಸುವ ಕಸರತ್ತೇ ಇಲ್ಲದಿದ್ದರೆ ಕೂಡಿಸಲು ಮರೆಯುವ ಭಯವೂ ಇಲ್ಲ. ಎರಡನೆಯ ದಾರಿಯನ್ನು ತಾಳೆ ನೋಡುವುದಕ್ಕೆ ಇಟ್ಟುಕೊಳ್ಳುತ್ತೇನೆ. ಸವಕಳಿ ಒಂದರಿಂದಲೇ ಯೋಜನೆಗೆ ಎಷ್ಟು ಬಲ ಬಂದಿದೆ ಎಂಬುದನ್ನು ಬಿಡಿಸಿ ತೋರಿಸುವುದಕ್ಕೂ ಅದೇ ದಾರಿ ಬೇಕು.

ಒಂದು ಎಚ್ಚರಿಕೆಯ ಮಾತು: ಸಾಲ ಮಾಡಿ ಯಂತ್ರ ಕೊಂಡಿದ್ದರೂ ಈ ಸಾಲುಗಳಲ್ಲಿ ಬಡ್ಡಿಯನ್ನು ಕಳೆಯಬೇಡಿ. ಬಂಡವಾಳದ ಸರಾಸರಿ ವೆಚ್ಚವನ್ನು ತೆರಿಗೆ ಕಳೆದು ಲೆಕ್ಕ ಹಾಕಿ ಡಿಸ್ಕೌಂಟ್ ದರವಾಗಿ, ಎಂದರೆ ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ದರವಾಗಿ, ಬಳಸುತ್ತಿದ್ದರೆ ಬಡ್ಡಿಯೂ ಅದರ ತೆರಿಗೆ ಉಳಿತಾಯವೂ ಆ ದರದೊಳಗೇ ಇವೆ. ಸವಕಳಿಯ ಉಳಿತಾಯ ಮಾತ್ರ ಆ ದರದಲ್ಲಿ ಇಲ್ಲ, ಅದು ನಗದು ಹರಿವಿನಲ್ಲಿಯೇ ಕಾಣಬೇಕು.

## ನಾಲ್ಕನೆಯ ಹೆಜ್ಜೆ: ಯಂತ್ರ ಮಾರುವ ದಿನ

ಸವಕಳಿಯ ಕಥೆ ಕೊನೆಯ ವರ್ಷದ ಸವಕಳಿಯೊಂದಿಗೆ ಮುಗಿಯುತ್ತದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಮಾರುವ ದಿನ ತೆರಿಗೆ ಇಲಾಖೆ ಹಳೆಯ ಲೆಕ್ಕವನ್ನು ಬಿಚ್ಚುತ್ತದೆ.

ನಾಲ್ಕನೆಯ ವರ್ಷದ ಕೊನೆಗೆ ಯಂತ್ರ 2,00,000ಕ್ಕೆ ಮಾರಾಟವಾಗುತ್ತದೆ ಎನ್ನೋಣ. ತೆರಿಗೆಯ ಶಿಲ್ಕು 1,29,600 ಇತ್ತಲ್ಲ, ಎಂದರೆ ಯಂತ್ರ ನಿಜವಾಗಿ ಕಳೆದುಕೊಂಡ ಬೆಲೆಗಿಂತ 70,400 ಹೆಚ್ಚು ಸವಕಳಿಯನ್ನು ನಾವು ಈಗಾಗಲೇ ಪಡೆದುಬಿಟ್ಟಿದ್ದೇವೆ. ಆ ಹೆಚ್ಚುವರಿ ಈಗ ಆದಾಯವಾಗಿ ಮರಳುತ್ತದೆ, ಅದರ ಮೇಲೆ ಶೇಕಡಾ 30 ತೆರಿಗೆ 21,120. ಕೈಗೆ ಬರುವುದು 1,78,880. ಇದನ್ನು ನಾಲ್ಕನೆಯ ವರ್ಷದ 2,77,920ಕ್ಕೆ ಕೂಡಿಸಿದರೆ ಆ ವರ್ಷದ ಒಟ್ಟು ನಗದು 4,56,800.

ತೆರಿಗೆ ಬೀಳುವುದು ಮಾರಾಟದ ಇಡೀ ಮೊತ್ತದ ಮೇಲಲ್ಲ, ಮಾರಾಟ ಬೆಲೆಗೂ ತೆರಿಗೆಯ ಶಿಲ್ಕಿಗೂ ಇರುವ ಅಂತರದ ಮೇಲೆ. ಯಂತ್ರ 1,00,000ಕ್ಕೆ ಮಾತ್ರ ಹೋಗಿದ್ದರೆ ಅಂತರ ತಿರುಗುಮುರುಗಾಗಿ 29,600 ನಷ್ಟವಾಗುತ್ತಿತ್ತು. ಆಗ 8,880 ತೆರಿಗೆ ಉಳಿದು, ಕೈಗೆ 1,08,880 ಬರುತ್ತಿತ್ತು. ಬಾಕಿ ಉಳಿದಿದ್ದ ಸವಕಳಿಯನ್ನು ಒಂದೇ ದಿನದಲ್ಲಿ ಪಡೆದಂತೆ.

ಇಲ್ಲಿ ನಿಮ್ಮ ದೇಶದ ನಿಯಮವನ್ನು ಓದಲೇಬೇಕು. ಕೆಲವು ತೆರಿಗೆ ವ್ಯವಸ್ಥೆಗಳು ಪ್ರತಿ ಯಂತ್ರಕ್ಕೆ ಬೇರೆ ಲೆಕ್ಕ ಇಡುವುದಿಲ್ಲ. ಒಂದೇ ದರದ ಆಸ್ತಿಗಳನ್ನೆಲ್ಲ ಒಂದು ಗುಂಪಾಗಿಸಿ, ಗುಂಪಿನ ಒಟ್ಟು ಶಿಲ್ಕಿನ ಮೇಲೆ ಸವಕಳಿ ಕೊಡುತ್ತವೆ. ಅಲ್ಲಿ ಯಂತ್ರ ಮಾರಿದರೆ ಸಾಮಾನ್ಯವಾಗಿ ಆ ವರ್ಷವೇ 21,120 ತೆರಿಗೆ ಬೀಳುವುದಿಲ್ಲ. ಮಾರಿದ ಹಣ ಗುಂಪಿನ ಶಿಲ್ಕಿನಿಂದ ಇಳಿಯುತ್ತದೆ, ಮುಂದಿನ ವರ್ಷಗಳ ಸವಕಳಿ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಯೋಜನೆ ಮುಗಿದ ಮೇಲೂ ಅದರ ತೆರಿಗೆ ಪರಿಣಾಮ ಮುಂದುವರಿಯುತ್ತದೆ ಎಂದರ್ಥ. ಹಾಳೆಯನ್ನು ನಾಲ್ಕನೆಯ ವರ್ಷಕ್ಕೆ ಕತ್ತರಿಸಿದರೆ ಆ ಬಾಲವೂ ಕತ್ತರಿಸಿಹೋಗುತ್ತದೆ. ಬಾಲದ ಇಂದಿನ ಮೌಲ್ಯವನ್ನು ಅಂದಾಜಿಸಿ ಸೇರಿಸುವುದು ಸರಿಯಾದ ಕ್ರಮ.

## ಐದನೆಯ ಹೆಜ್ಜೆ: ಒಟ್ಟು ತೆರಿಗೆಯ ತಾಳೆ

ಇದು ನನಗೆ ಅತ್ಯಂತ ಪ್ರಿಯವಾದ ಪರೀಕ್ಷೆ, ಮಾಡುವವರು ಮಾತ್ರ ಕಡಿಮೆ. ಡಿಸ್ಕೌಂಟ್ ಮಾಡುವ ಮೊದಲು ಎಲ್ಲ ವರ್ಷಗಳ ತೆರಿಗೆಯನ್ನು ಸುಮ್ಮನೆ ಕೂಡಿಸಿ. ನಮ್ಮಲ್ಲಿ −12,000, 36,000, 64,800, 82,080, ಮಾರಾಟದ ಮೇಲಿನ 21,120. ಮೊತ್ತ 1,92,000.

ಈಗ ಸವಕಳಿಯ ಹೆಸರೆತ್ತದೆ ಯೋಜನೆಯ ಇಡೀ ಬಾಳಿಕೆಯ ಲಾಭವನ್ನು ನೋಡಿ. ನಾಲ್ಕು ವರ್ಷದಲ್ಲಿ ಬಂದ ನಗದು 14,40,000, ಮಾರಾಟದಿಂದ 2,00,000. ಹೋದದ್ದು 10,00,000. ಲಾಭ 6,40,000. ಅದರ ಶೇಕಡಾ 30 ಎಂದರೆ 1,92,000. ಎರಡೂ ಒಂದೇ.

ಇದು ಕಾಕತಾಳೀಯವಲ್ಲ. ಇಡೀ ಬಾಳಿಕೆಯಲ್ಲಿ ತೆರಿಗೆ ಇಲಾಖೆ ನಮಗೆ ಬಿಟ್ಟುಕೊಡುವುದು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರವನ್ನು, ಇಲ್ಲಿ 8,00,000ವನ್ನು, ಅಷ್ಟೇ. ಬೇಗ ಬೇಗ ಸವಕಳಿ ಕೊಡುವ ಪದ್ಧತಿಯಾಗಲಿ ನಿಧಾನದ ಪದ್ಧತಿಯಾಗಲಿ ಆ ಮೊತ್ತವನ್ನು ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಯಾವ ವರ್ಷ ಎಷ್ಟು ಎಂಬುದನ್ನು ಮಾತ್ರ ಬದಲಿಸುತ್ತದೆ. ಆದ್ದರಿಂದ ತೆರಿಗೆ ದರ ವರ್ಷದಿಂದ ವರ್ಷಕ್ಕೆ ಬದಲಾಗದಿದ್ದರೆ, ಪ್ರತಿ ಆಸ್ತಿಗೆ ಬೇರೆ ಲೆಕ್ಕವಿದ್ದರೆ, ಈ ಎರಡು ಮೊತ್ತ ತಾಳೆಯಾಗಲೇಬೇಕು. ಆಗದಿದ್ದರೆ ಸವಕಳಿಯ ಪಟ್ಟಿಯಲ್ಲೋ ಮಾರಾಟದ ತೆರಿಗೆಯಲ್ಲೋ ಹುಳುಕಿದೆ. ವ್ಯತ್ಯಾಸದ ಮೊತ್ತವನ್ನು 0.30ರಿಂದ ಭಾಗಿಸಿ ನೋಡಿ. ತಪ್ಪಿಹೋದ ಅಥವಾ ಎರಡು ಸಲ ಬಂದ ಅಂಕಿ ಬಹುಮಟ್ಟಿಗೆ ಅಲ್ಲಿಯೇ ಎದುರಿಗೆ ನಿಲ್ಲುತ್ತದೆ.

ಹಾಗಾದರೆ ಬೇಗ ಸಿಗುವ ಸವಕಳಿಯ ಲಾಭವೇನು? ಸಮಯದ ಲಾಭ. ಶೇಕಡಾ 12ರ ಡಿಸ್ಕೌಂಟ್ ದರದಲ್ಲಿ ನಮ್ಮ ಯೋಜನೆಯ ನಿವ್ವಳ ಪ್ರಸ್ತುತ ಮೌಲ್ಯ, ಎಂದರೆ ಎಲ್ಲ ವರ್ಷಗಳ ನಗದಿನ ಇಂದಿನ ಮೌಲ್ಯದಿಂದ ಹೂಡಿದ ಹಣ ಕಳೆದು ಉಳಿಯುವುದು, 90,856 ಬರುತ್ತದೆ. ಈಗ ಯಾರೋ ತೆರಿಗೆಯ ಸವಕಳಿಯ ಬದಲು ಲೆಕ್ಕಪುಸ್ತಕದ ಸವಕಳಿಯನ್ನು ಬಳಸಿದರು ಎಂದುಕೊಳ್ಳಿ. ಕೊನೆಗೆ 2,00,000 ಉಳಿಯುವಂತೆ ವರ್ಷಕ್ಕೆ ಸಮನಾಗಿ 2,00,000 ಸವಕಳಿ, ಮಾರಾಟದಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ. ಒಟ್ಟು ತೆರಿಗೆ ಆಗಲೂ 1,92,000ವೇ. ಆದರೆ ಮೌಲ್ಯ 74,757ಕ್ಕೆ ಇಳಿಯುತ್ತದೆ. 16,099ರ ವ್ಯತ್ಯಾಸಕ್ಕೆ ಮುಖ್ಯ ಕಾರಣ, ಮೊದಲ ವರ್ಷ ಉಳಿಯಬೇಕಾಗಿದ್ದ 1,20,000ದಲ್ಲಿ ಅರ್ಧ ಮಾತ್ರ ಆಗ ಉಳಿದದ್ದು. ಒಟ್ಟು ತೆರಿಗೆಯ ತಾಳೆಯ ಮಿತಿಯೂ ಇಲ್ಲಿಯೇ ಕಾಣುತ್ತದೆ: ಮೊತ್ತದ ತಪ್ಪನ್ನು ಅದು ಹಿಡಿಯುತ್ತದೆ, ಕಾಲದ ತಪ್ಪನ್ನು ಹಿಡಿಯುವುದಿಲ್ಲ.

## ಉಳಿತಾಯ ಸಿಗದ ಸಂದರ್ಭಗಳು

ತೆರಿಗೆ ಕಟ್ಟುವವರಿಗೆ ಮಾತ್ರ ತೆರಿಗೆ ಉಳಿಯುತ್ತದೆ. ಇಷ್ಟು ಸರಳವಾದದ್ದನ್ನು ಹಾಳೆಯ ಸೂತ್ರಗಳು ಮರೆತುಬಿಡುತ್ತವೆ. ನಷ್ಟದಲ್ಲಿರುವ ಸಂಸ್ಥೆಯ ಹಾಳೆಯಲ್ಲೂ ಸವಕಳಿ ಇಂಟು ದರ ಎಂದು ಬರೆದರೆ ಗಣಕಯಂತ್ರ ಮರುಮಾತಿಲ್ಲದೆ ಹಣವನ್ನು ತೋರಿಸುತ್ತದೆ.

ನಮ್ಮ ಯಂತ್ರವೇ ಸಂಸ್ಥೆಯ ಏಕೈಕ ವ್ಯವಹಾರ ಎಂದುಕೊಳ್ಳಿ. ಮೊದಲ ವರ್ಷದ 40,000 ನಷ್ಟವನ್ನು ಕಳೆಯಲು ಬೇರೆ ಲಾಭವಿಲ್ಲ. ಆ ವರ್ಷದ ತೆರಿಗೆ ಸೊನ್ನೆ, ನಗದು 3,60,000. ನಷ್ಟವನ್ನು ಮುಂದಕ್ಕೆ ಒಯ್ಯಲು ಕಾನೂನು ಬಿಟ್ಟರೆ ಎರಡನೆಯ ವರ್ಷದ ತೆರಿಗೆಯ ಆದಾಯ 1,20,000ದಿಂದ 80,000ಕ್ಕೆ ಇಳಿಯುತ್ತದೆ, ತೆರಿಗೆ 24,000, ನಗದು 3,36,000. 12,000 ಕಳೆದುಹೋಗಲಿಲ್ಲ, ಒಂದು ವರ್ಷ ತಡವಾಯಿತು. ನಿವ್ವಳ ಪ್ರಸ್ತುತ ಮೌಲ್ಯ 89,708 ಆಗುತ್ತದೆ, ಸಾವಿರದ ನೂರರಷ್ಟು ಕಡಿಮೆ. ಇಲ್ಲಿ ಅದು ಚಿಲ್ಲರೆ ಮೊತ್ತ. ಆದರೆ ಆರಂಭದ ಹಲವು ವರ್ಷ ನಷ್ಟವನ್ನೇ ಕಾಣುವ ದೊಡ್ಡ ಯೋಜನೆಯಲ್ಲಿ ಉಳಿತಾಯಗಳೆಲ್ಲ ದೂರ ಸರಿಯುತ್ತವೆ. ಮುಂದಕ್ಕೆ ಒಯ್ಯುವ ಅವಕಾಶಕ್ಕೆ ಕಾಲಮಿತಿ ಇದ್ದರೆ ಕೆಲವು ಸಿಗದೆಯೇ ಹೋಗುತ್ತವೆ. ತೆರಿಗೆ ರಜೆಯ ಅವಧಿಯಲ್ಲೂ ಇದೇ ಎಚ್ಚರ ಬೇಕು. ತೆರಿಗೆಯೇ ಇಲ್ಲದ ವರ್ಷ ಸವಕಳಿಯಿಂದ ಉಳಿಯುವುದು ಏನೂ ಇಲ್ಲ. ಆ ವರ್ಷದ ಸವಕಳಿಯನ್ನು ಮುಂದಕ್ಕೆ ಉಳಿಸಿಕೊಳ್ಳಬಹುದೋ ಬಳಸಿದಂತೆಯೇ ಲೆಕ್ಕವೋ ಎಂಬುದನ್ನು ನಿಯಮದಲ್ಲಿ ನೋಡಿಕೊಳ್ಳಬೇಕು.

ಬೆಲೆಯೇರಿಕೆಯ ವಿಷಯ ಇನ್ನೂ ನವಿರಾದದ್ದು. ಕೆಲವರು ಆದಾಯ ಖರ್ಚುಗಳನ್ನು ಇಂದಿನ ಬೆಲೆಯಲ್ಲೇ ಇಟ್ಟು, ಬೆಲೆಯೇರಿಕೆ ತೆಗೆದ ನೈಜ ದರದಲ್ಲಿ ಡಿಸ್ಕೌಂಟ್ ಮಾಡುತ್ತಾರೆ. ಆ ಕ್ರಮ ತಪ್ಪಲ್ಲ. ಆದರೆ ಸವಕಳಿ ನಿಂತಿರುವುದು ಕೊಂಡ ದಿನದ ಬೆಲೆಯ ಮೇಲೆ, ಅದು ಬೆಲೆಗಳ ಜೊತೆ ಏರುವುದಿಲ್ಲ. ನಾಲ್ಕನೆಯ ವರ್ಷ ಸಿಗುವ ಉಳಿತಾಯ 25,920 ಆ ದಿನದ ಹಣ. ವರ್ಷಕ್ಕೆ ಶೇಕಡಾ 5 ಬೆಲೆಯೇರಿದರೆ ಇಂದಿನ ಕೊಳ್ಳುವ ಶಕ್ತಿಯಲ್ಲಿ ಅದು ಸುಮಾರು 21,324. ನೈಜ ದರ ಬಳಸುವವರು ಉಳಿತಾಯದ ಪ್ರತಿ ಅಂಕಿಯನ್ನೂ ಹೀಗೆ ಇಳಿಸಿಕೊಂಡ ಮೇಲೆಯೇ ಡಿಸ್ಕೌಂಟ್ ಮಾಡಬೇಕು. ಇಷ್ಟೆಲ್ಲ ತಲೆನೋವು ಬೇಡವೆನ್ನುವವರಿಗೆ ನನ್ನ ಸಲಹೆ, ಎಲ್ಲ ಸಾಲುಗಳನ್ನೂ ಆಯಾ ವರ್ಷದ ಹಣದಲ್ಲೇ ಬರೆದು ಬೆಲೆಯೇರಿಕೆ ಸೇರಿದ ಸಾಮಾನ್ಯ ದರವನ್ನೇ ಬಳಸಿ.

## ಹಾಳೆಯಲ್ಲಿ ಬರೆಯುವುದು ಹೀಗೆ

`B1`ರಲ್ಲಿ ಸವಕಳಿ ದರ, `B2`ರಲ್ಲಿ ತೆರಿಗೆ ದರ, `B3`ರಲ್ಲಿ ಡಿಸ್ಕೌಂಟ್ ದರ ಇಡಿ. `C`ಯಿಂದ `F`ವರೆಗೆ ನಾಲ್ಕು ವರ್ಷ. 4ನೇ ಸಾಲು ಆರಂಭದ ಶಿಲ್ಕು (`C4`ರಲ್ಲಿ 1000000), 5ನೇ ಸಾಲು ಸವಕಳಿ, 6ನೇ ಸಾಲು ಕೊನೆಯ ಶಿಲ್ಕು, 7ನೇ ಸಾಲು ತೆರಿಗೆಗೆ ಮೊದಲಿನ ನಗದು, 8ನೇ ಸಾಲು ತೆರಿಗೆ, 9ನೇ ಸಾಲು ತೆರಿಗೆಯ ನಂತರದ ನಗದು, 10ನೇ ಸಾಲು ಎರಡನೆಯ ದಾರಿಯ ತಾಳೆ. `F11`ರಲ್ಲಿ ಮಾರಾಟ ಬೆಲೆ, `F12`ರಲ್ಲಿ ತೆರಿಗೆ ಕಳೆದ ಮಾರಾಟದ ಹಣ. 13ನೇ ಸಾಲು ಒಟ್ಟು, ಅದರ `B13`ರಲ್ಲಿ −1000000.

```
C5:  =C4*$B$1
C6:  =C4-C5
D4:  =C6
C8:  =(C7-C5)*$B$2
C9:  =C7-C8
C10: =C7*(1-$B$2)+C5*$B$2-C9
F12: =F11-(F11-F6)*$B$2
C13: =C9+C12
B15: =B13+NPV(B3,C13:F13)
```

`C5`, `C6`, `C8`, `C9`, `C10`, `C13`ರ ಸೂತ್ರಗಳನ್ನು ಒಂದೊಂದಾಗಿ `F`ವರೆಗೂ, `D4`ರದ್ದನ್ನು `E` ಮತ್ತು `F`ಗೆ ಎಳೆಯಿರಿ. 10ನೇ ಸಾಲು ಉದ್ದಕ್ಕೂ ಸೊನ್ನೆ ತೋರಿಸಬೇಕು. `B13`ವನ್ನು `NPV` ಆವರಣದ ಹೊರಗೆ ಇಟ್ಟಿರುವುದನ್ನು ಗಮನಿಸಿ. ಆ ಸೂತ್ರ ತನಗೆ ಸಿಕ್ಕ ಮೊದಲ ಅಂಕಿಯನ್ನು ಒಂದು ವರ್ಷದ ನಂತರದ್ದು ಎಂದು ತಿಳಿಯುತ್ತದೆ.

`B15`ರಲ್ಲಿ 90,856 ಬಂದರೆ ಮುಗಿಯಿತು. ಬೇರೆ ಬಂದರೆ ಆ ಅಂಕಿಯೇ ತಪ್ಪಿನ ವಿಳಾಸ ಹೇಳುತ್ತದೆ. 81,121 ಬಂದಿದ್ದರೆ `B13` ಆವರಣದೊಳಗೆ ನುಗ್ಗಿದೆ. 1,04,278 ಆದರೆ ಮಾರಾಟದ ಮೇಲಿನ ತೆರಿಗೆ ಬಿಟ್ಟುಹೋಗಿದೆ, 66,147 ಆದರೆ ಇಡೀ 2,00,000ದ ಮೇಲೂ ತೆರಿಗೆ ಹಾಕಿದ್ದೀರಿ. −1,20,906 ಎಂದರೆ ನಾಲ್ಕು ವರ್ಷದ ಸವಕಳಿಯನ್ನು ತೆರಿಗೆ ಲೆಕ್ಕದಿಂದಲೇ ಕೈಬಿಟ್ಟಿದ್ದೀರಿ. −6,15,019 ಎಂದರೆ ಕಳೆದ ಸವಕಳಿಯನ್ನು ಮತ್ತೆ ಕೂಡಿಸಲಿಲ್ಲ. 5,84,968 ಬಂದು ಮನಸ್ಸು ಹಿಗ್ಗಿದ್ದರೆ, 2,52,000ಕ್ಕೆ ತೆರಿಗೆ ಉಳಿತಾಯದ ಬದಲು ಇಡೀ ಸವಕಳಿಯನ್ನೇ ಕೂಡಿಸಿದ್ದೀರಿ.